ವೆಲ್ಡಿಂಗ್ ತರಬೇತಿ ಕೇಂದ್ರದ ವಾರ್ಷಿಕ ಆಯವ್ಯಯ ಅಂದಾಜು

ಆಡಳಿತ ಮಂಡಳಿಯ ಅನುಮೋದನೆಗೆ

ಆರು ತಿಂಗಳ ಎರಡು ತಂಡಗಳಲ್ಲಿ, ತಂಡಕ್ಕೆ 20ರಂತೆ ಒಟ್ಟು 40 ಶಿಕ್ಷಣಾರ್ಥಿಗಳಿಗೆ ವೆಲ್ಡಿಂಗ್ ತರಬೇತಿ ನೀಡಲು ಮೊದಲ ವರ್ಷಕ್ಕೆ ತಗಲುವ ವೆಚ್ಚವನ್ನು 22,50,000 ರೂಪಾಯಿ ಎಂದು ಅಂದಾಜಿಸಲಾಗಿದೆ.

ಉಪಕರಣಗಳು: 4,50,000 ರೂ.
ಐದು ಆರ್ಕ್ ವೆಲ್ಡಿಂಗ್ ಯಂತ್ರಗಳಿಗೆ 90,000, ಎರಡು ಮಿಗ್ ಯಂತ್ರಗಳಿಗೆ 1,50,000, ಎರಡು ಗ್ಯಾಸ್ ಕಟಿಂಗ್ ಸೆಟ್‌ಗಳಿಗೆ 40,000, ಆರು ಗ್ರೈಂಡರ್‌ಗಳಿಗೆ 24,000 ಹಾಗೂ ಬೂತ್, ಹೊಗೆ ಹೊರಹಾಕುವ ವ್ಯವಸ್ಥೆ ಮತ್ತು ಎಲೆಕ್ಟ್ರೋಡ್ ಒಣಗಿಸುವ ಓವನ್‌ಗೆ 1,46,000 ರೂಪಾಯಿ ಬೇಕಾಗುತ್ತದೆ. ಹೊಗೆ ವ್ಯವಸ್ಥೆಯನ್ನು ಮುಂದಿನ ವರ್ಷಕ್ಕೆ ಮುಂದೂಡುವ ಸಲಹೆಯನ್ನು ಒಪ್ಪಲಾಗದು. ದಿನವಿಡೀ ಆ ಹೊಗೆಯಲ್ಲಿ ನಿಲ್ಲುವವರು ನಮ್ಮ ಮಕ್ಕಳ ವಯಸ್ಸಿನವರು.

ಬೋಧಕರ ವೇತನ: 9,60,000 ರೂ.
ತಿಂಗಳಿಗೆ 32,000 ರೂಪಾಯಿಯಂತೆ ಇಬ್ಬರು ಬೋಧಕರಿಗೆ 7,68,000 ಮತ್ತು 16,000 ರೂಪಾಯಿಯಂತೆ ಒಬ್ಬ ಕಾರ್ಯಾಗಾರ ಸಹಾಯಕರಿಗೆ 1,92,000 ರೂಪಾಯಿ. ಹತ್ತು ಜನರಿಗೆ ಒಬ್ಬ ಬೋಧಕರಿದ್ದರೆ ಮಾತ್ರ ಪ್ರತಿಯೊಬ್ಬರ ಕೈ ಹಿಡಿದು ಕೋನ ಮತ್ತು ವೇಗವನ್ನು ತಿದ್ದಲು ಸಾಧ್ಯ. ಕಾರ್ಖಾನೆಯಲ್ಲಿ ದುಡಿದು ಬಂದ ಅನುಭವಿಗಳು ಇದಕ್ಕಿಂತ ಕಡಿಮೆ ವೇತನಕ್ಕೆ ಉಳಿಯಲಾರರು.

ಅಭ್ಯಾಸ ಸಾಮಗ್ರಿ: 4,40,000 ರೂ.
ತಲಾ 11,000 ರೂಪಾಯಿಯಲ್ಲಿ ಉಕ್ಕಿನ ಪ್ಲೇಟ್‌ಗೆ 5,200, ಎಲೆಕ್ಟ್ರೋಡ್ ಮತ್ತು ಫಿಲ್ಲರ್ ತಂತಿಗೆ 2,800, ಗ್ಯಾಸಿಗೆ 1,800, ಕೈಗವಸು, ಏಪ್ರನ್, ಕಪ್ಪು ಗಾಜು ಮತ್ತು ಗ್ರೈಂಡಿಂಗ್ ಚಕ್ರಗಳಿಗೆ 1,200 ರೂಪಾಯಿ ಸೇರಿವೆ. ಹಣ ಸಾಲದಿದ್ದಾಗ ಮೊದಲು ಕತ್ತರಿ ಬೀಳುವುದು ಈ ಬಾಬ್ತಿನ ಮೇಲೆಯೇ. ಹಾಗಾಗಬಾರದೆಂಬುದು ಈ ಅಂದಾಜಿನ ಮುಖ್ಯ ಕೋರಿಕೆ. ಆರಂಭಿಕರು 6013 ಎಲೆಕ್ಟ್ರೋಡಿನಿಂದ ಸಮತಲದ ಬೆಸುಗೆ ಕಲಿತು, ನಂತರ ಲಂಬ ಮತ್ತು ತಲೆಮೇಲಿನ ಬೆಸುಗೆಗೆ ಹೋಗುತ್ತಾರೆ. ಒಂದೊಂದು ಸ್ಥಾನದಲ್ಲೂ ಸ್ಲ್ಯಾಗ್ ಒಳಗೆ ಸಿಕ್ಕಿಕೊಳ್ಳದಂತೆ ಕೈ ಪಳಗಬೇಕಾದರೆ ತುಂಡಿನ ಮೇಲೆ ತುಂಡು ಬೆಸೆದು, ಬಗ್ಗಿಸಿ ಪರೀಕ್ಷಿಸಿ, ಬಿರುಕು ಬಿಟ್ಟಿದ್ದನ್ನು ಕಣ್ಣಾರೆ ನೋಡಿ ಮತ್ತೆ ಬೆಸೆಯಬೇಕು. 7018 ಎಲೆಕ್ಟ್ರೋಡಿಗೆ ತೇವ ತಗುಲಿದರೆ ಬೆಸುಗೆಯಲ್ಲಿ ಹೈಡ್ರೋಜನ್ ಸೇರಿ ಬಿರುಕು ಬಿಡುವ ಸಂಭವವಿರುವುದರಿಂದ ಮೇಲೆ ಹೇಳಿದ ಓವನ್ ಅಗತ್ಯ. ಪ್ಲೇಟಿನ ಎರಡೂ ಬದಿಯನ್ನು ಬಳಸಿದ ಮೇಲೆಯೇ ಗುಜರಿಗೆ ಹಾಕಲಾಗುವುದು.

ಇತರ ವೆಚ್ಚ: 4,00,000 ರೂ.
ಬಾಡಿಗೆ, ವಿದ್ಯುತ್, ವಿಮೆ ಮತ್ತು ಪರೀಕ್ಷಾ ಶುಲ್ಕಕ್ಕೆ 2,40,000, ಉದ್ಯೋಗ ಸಂಪರ್ಕಕ್ಕೆ 60,000, ಅನಿರೀಕ್ಷಿತ ವೆಚ್ಚಕ್ಕೆ 1,00,000 ರೂಪಾಯಿ.

ಉದ್ಯೋಗದ ನಿರೀಕ್ಷೆ
ದಾಖಲಾದ 40 ಮಂದಿಯಲ್ಲಿ 36 ಮಂದಿ ತರಬೇತಿ ಮುಗಿಸಿ, ಅವರಲ್ಲಿ 27 ಮಂದಿ, ಅಂದರೆ ಶೇಕಡಾ 75ರಷ್ಟು, ಕೆಲಸಕ್ಕೆ ಸೇರುವ ನಿರೀಕ್ಷೆಯಿದೆ. ಇವರಲ್ಲಿ 22 ಮಂದಿ ಸಂಬಳದ ಕೆಲಸಕ್ಕೆ, 5 ಮಂದಿ ಸ್ವಂತ ಉದ್ಯೋಗಕ್ಕೆ. ನೇಮಕಾತಿ ಪತ್ರ ಕೈಸೇರಿದ ಮಾತ್ರಕ್ಕೆ ಈ ಲೆಕ್ಕಕ್ಕೆ ತೆಗೆದುಕೊಳ್ಳದೆ, ಮೂರು ತಿಂಗಳು ಕೆಲಸದಲ್ಲಿ ಉಳಿದವರನ್ನಷ್ಟೇ ಎಣಿಸಲಾಗುವುದು. ಉಪಕರಣಗಳ ವೆಚ್ಚವನ್ನು ಐದು ವರ್ಷಕ್ಕೆ ಹಂಚಿದರೆ ವಾರ್ಷಿಕ ವೆಚ್ಚ 18,90,000 ರೂಪಾಯಿಯಾಗಿ, ಕೆಲಸ ಪಡೆದ ಪ್ರತಿಯೊಬ್ಬರಿಗೆ 70,000 ರೂಪಾಯಿ ತಗಲುತ್ತದೆ.

ಉಪಕರಣಗಳ ಪೂರ್ಣ ಮೊತ್ತವನ್ನೂ ಮೊದಲ ತಂಡದ ಅಭ್ಯಾಸ ಸಾಮಗ್ರಿಯ 2,20,000 ರೂಪಾಯಿಯನ್ನೂ ತರಗತಿ ಆರಂಭಕ್ಕೆ ಮೊದಲೇ, ಉಳಿದುದನ್ನು ತ್ರೈಮಾಸಿಕ ಕಂತುಗಳಲ್ಲಿ ಬಿಡುಗಡೆ ಮಾಡಬೇಕೆಂದು ಕೋರಲಾಗಿದೆ.