ಮಂಡಿ ಚೀಟಿಯಿಂದ ಬಿಸಿಎನ್‌ಎಫ್‌ವರೆಗೆ: ಮಂಗಳವಾರದ ಉಪನ್ಯಾಸದ ಕೋಷ್ಟಕಗಳು

ಡೇಟಾಬೇಸ್ ಕೋಷ್ಟಕಗಳನ್ನು ಪುನರಾವರ್ತನೆ ತಗ್ಗುವಂತೆ ಒಡೆಯಲು ತರಗತಿಯಲ್ಲಿ ವಿವರಿಸಿದ ನಿಯಮಗಳನ್ನು ಕೋಲಾರದ ತರಕಾರಿ ಮಂಡಿಯ ಒಂದು ಕಾಲ್ಪನಿಕ ಲೆಕ್ಕಕ್ಕೆ ಇಲ್ಲಿ ಅನ್ವಯಿಸಲಾಗಿದೆ. ಒಬ್ಬ ರೈತನಿಗೆ ಒಂದೇ ತಾಲ್ಲೂಕು, ಒಂದು ಚೀಟಿಗೆ ಒಬ್ಬನೇ ರೈತ, ಒಂದು ಮಾಲಿಗೆ ಒಂದೇ ಅಳತೆ ಎಂಬುದು ನಮ್ಮ ಷರತ್ತು.

ಮೊದಲ ನಾರ್ಮಲ್ ಫಾರ್ಮ್: ಮುನ್ನ

| ಚೀಟಿ | ರೈತ | ತಾಲ್ಲೂಕು | ಜಿಲ್ಲೆ | ಮಾಲು |
|---|---|---|---|---|
| 101 | ರೈ1 | ಮುಳಬಾಗಿಲು | ಕೋಲಾರ | ಟೊಮೆಟೊ 40 ಕ್ರೇಟು, ಆಲೂಗಡ್ಡೆ 12 ಮೂಟೆ |
| 102 | ರೈ2 | ಚಿಂತಾಮಣಿ | ಚಿಕ್ಕಬಳ್ಳಾಪುರ | ಟೊಮೆಟೊ 25 ಕ್ರೇಟು |
| 103 | ರೈ1 | ಮುಳಬಾಗಿಲು | ಕೋಲಾರ | ಟೊಮೆಟೊ 30 ಕ್ರೇಟು |

ಕಾಗದದ ಮೇಲೆ ಇದರಲ್ಲಿ ತಪ್ಪೇನೂ ಕಾಣದು. ಆದರೆ ಒಟ್ಟು ಎಷ್ಟು ಕ್ರೇಟು ಟೊಮೆಟೊ ಬಂತೆಂದು ಕೇಳಿದರೆ ಕೊನೆಯ ಅಂಕಣವನ್ನು ಅಕ್ಷರ ಅಕ್ಷರವಾಗಿ ಬಿಡಿಸಬೇಕಾಗುತ್ತದೆ. ಒಂದು ಕೋಶದಲ್ಲಿ ಒಂದೇ ಮೌಲ್ಯವಿರಬೇಕು.

ನಂತರ (ಕೀ: ಚೀಟಿ + ಮಾಲು)

| ಚೀಟಿ | ಮಾಲು | ರೈತ | ತಾಲ್ಲೂಕು | ಜಿಲ್ಲೆ | ಅಳತೆ | ಎಣಿಕೆ |
|---|---|---|---|---|---|---|
| 101 | ಟೊಮೆಟೊ | ರೈ1 | ಮುಳಬಾಗಿಲು | ಕೋಲಾರ | ಕ್ರೇಟು | 40 |
| 101 | ಆಲೂಗಡ್ಡೆ | ರೈ1 | ಮುಳಬಾಗಿಲು | ಕೋಲಾರ | ಮೂಟೆ | 12 |
| 102 | ಟೊಮೆಟೊ | ರೈ2 | ಚಿಂತಾಮಣಿ | ಚಿಕ್ಕಬಳ್ಳಾಪುರ | ಕ್ರೇಟು | 25 |
| 103 | ಟೊಮೆಟೊ | ರೈ1 | ಮುಳಬಾಗಿಲು | ಕೋಲಾರ | ಕ್ರೇಟು | 30 |

ಎರಡನೆಯ ನಾರ್ಮಲ್ ಫಾರ್ಮ್

ಮೇಲಿನ ಕೋಷ್ಟಕವೇ ಇದರ ‘ಮುನ್ನ’. ಅಳತೆಯು ಮಾಲನ್ನು ಮಾತ್ರ, ರೈತನ ವಿವರವು ಚೀಟಿಯನ್ನು ಮಾತ್ರ ಅವಲಂಬಿಸಿದೆ. ಇಡೀ ಕೀಯನ್ನು ಅವಲಂಬಿಸಿರುವುದು ಎಣಿಕೆಯೊಂದೇ. ಆದ್ದರಿಂದಲೇ ಇನ್ನೂ ಮಂಡಿಗೆ ಬಾರದ ಕ್ಯಾರೆಟ್‌ನ ಅಳತೆಯನ್ನು ಬರೆದಿಡಲು ಇಲ್ಲಿ ಜಾಗವಿಲ್ಲ. ನಂತರ:

| ಚೀಟಿ | ಮಾಲು | ಎಣಿಕೆ |
|---|---|---|
| 101 | ಟೊಮೆಟೊ | 40 |
| 101 | ಆಲೂಗಡ್ಡೆ | 12 |
| 102 | ಟೊಮೆಟೊ | 25 |
| 103 | ಟೊಮೆಟೊ | 30 |

| ಮಾಲು | ಅಳತೆ |
|---|---|
| ಟೊಮೆಟೊ | ಕ್ರೇಟು |
| ಆಲೂಗಡ್ಡೆ | ಮೂಟೆ |

| ಚೀಟಿ | ರೈತ | ತಾಲ್ಲೂಕು | ಜಿಲ್ಲೆ |
|---|---|---|---|
| 101 | ರೈ1 | ಮುಳಬಾಗಿಲು | ಕೋಲಾರ |
| 102 | ರೈ2 | ಚಿಂತಾಮಣಿ | ಚಿಕ್ಕಬಳ್ಳಾಪುರ |
| 103 | ರೈ1 | ಮುಳಬಾಗಿಲು | ಕೋಲಾರ |

ಮೂರನೆಯ ನಾರ್ಮಲ್ ಫಾರ್ಮ್

ಈ ಕೊನೆಯ ಕೋಷ್ಟಕದ ಕೀ ಒಂದೇ ಅಂಕಣದ್ದಾದ್ದರಿಂದ ಎರಡನೆಯ ನಿಯಮಕ್ಕೆ ಅದು ಸಿಕ್ಕಿಬೀಳದು. ಆದರೂ 102ನೆಯ ಚೀಟಿಯನ್ನು ಅಳಿಸಿದರೆ ಚಿಂತಾಮಣಿ ಯಾವ ಜಿಲ್ಲೆಯದೆಂಬ ಸಂಗತಿಯೂ ಅದರೊಂದಿಗೆ ಅಳಿಯುತ್ತದೆ. ಚೀಟಿ → ರೈತ → ತಾಲ್ಲೂಕು → ಜಿಲ್ಲೆ ಎಂಬ ಸರಪಳಿಯೇ ಇದಕ್ಕೆ ಕಾರಣ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ, ಇಂಥ ಕೋಷ್ಟಕವಿದ್ದವರು ಚಿಂತಾಮಣಿಯ ಪ್ರತಿಯೊಂದು ಚೀಟಿಯನ್ನೂ ತಿದ್ದಬೇಕಾಗುತ್ತಿತ್ತು. ಕೆಳಗಿನಂತೆ ಒಡೆದಿದ್ದರೆ ಒಂದೇ ಸಾಲು ಸಾಕಿತ್ತು.

| ಚೀಟಿ | ರೈತ |
|---|---|
| 101 | ರೈ1 |
| 102 | ರೈ2 |
| 103 | ರೈ1 |

| ರೈತ | ತಾಲ್ಲೂಕು |
|---|---|
| ರೈ1 | ಮುಳಬಾಗಿಲು |
| ರೈ2 | ಚಿಂತಾಮಣಿ |

| ತಾಲ್ಲೂಕು | ಜಿಲ್ಲೆ |
|---|---|
| ಮುಳಬಾಗಿಲು | ಕೋಲಾರ |
| ಚಿಂತಾಮಣಿ | ಚಿಕ್ಕಬಳ್ಳಾಪುರ |

ಬಿಸಿಎನ್‌ಎಫ್

ಒಂದು ಚೀಟಿಯ ಒಂದು ಮಾಲನ್ನು ಒಬ್ಬರೇ ತೂಗುತ್ತಾರೆ, ತೂಗುವವರು ಪ್ರತಿಯೊಬ್ಬರೂ ಒಂದೇ ಮಾಲಿಗೆ ಮೀಸಲು ಎಂದುಕೊಳ್ಳೋಣ. ಮುನ್ನ:

| ಚೀಟಿ | ಮಾಲು | ತೂಗುವವರು |
|---|---|---|
| 101 | ಟೊಮೆಟೊ | ತೂ1 |
| 101 | ಆಲೂಗಡ್ಡೆ | ತೂ2 |
| 102 | ಟೊಮೆಟೊ | ತೂ3 |
| 103 | ಟೊಮೆಟೊ | ತೂ1 |

ಮಾಲು ಕೀಯ ಭಾಗವಾದ್ದರಿಂದ ಮೂರನೆಯ ನಿಯಮ ಇದನ್ನು ಒಪ್ಪುತ್ತದೆ. ತೂಗುವವರು → ಮಾಲು ಎಂಬ ಅವಲಂಬನೆಯ ಎಡಬದಿ ಕೀ ಅಲ್ಲವಾದ್ದರಿಂದ ಬಿಸಿಎನ್‌ಎಫ್ ಒಪ್ಪದು. ನಂತರ:

| ಚೀಟಿ | ತೂಗುವವರು |
|---|---|
| 101 | ತೂ1 |
| 101 | ತೂ2 |
| 102 | ತೂ3 |
| 103 | ತೂ1 |

| ತೂಗುವವರು | ಮಾಲು |
|---|---|
| ತೂ1 | ಟೊಮೆಟೊ |
| ತೂ2 | ಆಲೂಗಡ್ಡೆ |
| ತೂ3 | ಟೊಮೆಟೊ |

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 101ಕ್ಕೆ ತೂ3 ಅನ್ನೂ ಸೇರಿಸಿದರೆ ಅದೇ ಚೀಟಿಯ ಟೊಮೆಟೊವನ್ನು ಇಬ್ಬರು ತೂಗಿದಂತಾಗುತ್ತದೆ, ಆದರೆ ಎರಡು ಕೋಷ್ಟಕಗಳ ಕೀಗಳೂ ಅದನ್ನು ತಡೆಯಲಾರವು. ಆ ಷರತ್ತು ಮುಖ್ಯವೆನಿಸಿದಲ್ಲಿ ಮೂರನೆಯ ಫಾರ್ಮ್‌ನಲ್ಲೇ ನಿಲ್ಲುವುದು ನನ್ನ ಮಟ್ಟಿಗೆ ಸರಿಯಾದ ಆಯ್ಕೆ. ಪರೀಕ್ಷೆಯಲ್ಲಿ ಹಾಗೆ ನಿಲ್ಲುವವರು ಕಾರಣವನ್ನು ಬರೆಯಬೇಕು.