ವರ್ಚುವಲ್ ಮೆಷಿನ್ ಪರಿಚಯ: ಎರಡು ಗಂಟೆಯ ಕಾರ್ಯಾಗಾರದ ಪಾಠಯೋಜನೆ

ತರಗತಿ: ಬಿಸಿಎ ಮೊದಲ ವರ್ಷ, 48 ವಿದ್ಯಾರ್ಥಿಗಳು
ಸ್ಥಳ: ಕಂಪ್ಯೂಟರ್ ಲ್ಯಾಬ್, 24 ಸಿಸ್ಟಮ್ (ವಿಂಡೋಸ್, 8 ಜಿಬಿ ರ್‍ಯಾಮ್), ಒಂದಕ್ಕೆ ಇಬ್ಬರು
ಸಮಯ: ಶನಿವಾರ ಬೆಳಿಗ್ಗೆ 10ರಿಂದ 12

ಉದ್ದೇಶ

ಮನೆಗೆ ಹೋಗುವಾಗ ಪ್ರತಿಯೊಬ್ಬರೂ ಒಂದು ವರ್ಚುವಲ್ ಮೆಷಿನ್ ಓಡಿಸಿ, ಹಾಳುಮಾಡಿ, ಮತ್ತೆ ಸರಿಮಾಡಿರಬೇಕು. ಹೋದ ವರ್ಷ ಹೈಪರ್‌ವೈಸರ್ ವಿಧಗಳ ಚಿತ್ರ ಬರೆಯುತ್ತಾ ನಲವತ್ತು ನಿಮಿಷ ಕಳೆದೆ, ಹಿಂದಿನ ಬೆಂಚುಗಳು ನಿದ್ದೆಗೆ ಜಾರಿದ್ದವು. ಈ ಸಲ ಆ ಚಿತ್ರ ಕೊನೆಗೆ.

ಶುಕ್ರವಾರ ಸಂಜೆಯೇ ಆಗಬೇಕಾದ್ದು

ಡೆಬಿಯನ್ (ಡೆಸ್ಕ್‌ಟಾಪ್ ಇಲ್ಲದ್ದು, 1 ಜಿಬಿ ರ್‍ಯಾಮ್) ಹಾಕಿದ `lab.ova` ಫೈಲನ್ನು ಪೆನ್‌ಡ್ರೈವಿನಿಂದ ಎಲ್ಲ ಸಿಸ್ಟಮ್‌ಗೂ ನಕಲು ಮಾಡುವುದು. ತರಗತಿಯಲ್ಲಿ ಡೌನ್‌ಲೋಡ್ ಮಾಡಿಸಿದರೆ ಆ ದಿನ ಮುಗಿದಂತೆಯೇ. ಪ್ರತಿ ಸಿಸ್ಟಮ್‌ನ ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಆಗಿದೆಯೇ ನೋಡುವುದು. ಆಫ್ ಇದ್ದರೆ 64 ಬಿಟ್ ಗೆಸ್ಟ್ ಏಳುವುದಿಲ್ಲ. ಶೇರ್ಡ್ ಫೋಲ್ಡರ್ ಯಾವುದರಲ್ಲೂ ಇರಕೂಡದು. ಕಾರಣ ಮೂರನೇ ಭಾಗದಲ್ಲಿದೆ.

10:00–10:15 ವಠಾರದ ಕಥೆ

ಸ್ಲೈಡ್ ಬೇಡ. ಒಂದು ವಠಾರ, ಒಂದೇ ಬಾವಿ, ನಾಲ್ಕು ಸಂಸಾರ. ಯಾರಿಗೆ ಎಷ್ಟು ನೀರು, ಯಾವಾಗ ಎಂದು ಹೇಳುವವರು ಮಾಲೀಕರು. ಅವರೇ ಹೈಪರ್‌ವೈಸರ್. ಇಲ್ಲಿಗೇ ನಿಲ್ಲಿಸದೆ ಹೋಲಿಕೆ ಎಲ್ಲಿ ಕೈಕೊಡುತ್ತದೆ ಎಂದು ಮಕ್ಕಳನ್ನೇ ಕೇಳಬೇಕು. ಬಾಡಿಗೆದಾರನಿಗೆ ಪಕ್ಕದ ಮನೆಯ ಜಗಳ ಕೇಳಿಸುತ್ತದೆ. ಗೆಸ್ಟ್‌ಗೆ ಪಕ್ಕದಲ್ಲಿ ಇನ್ನೊಂದು ಇದೆ ಎಂಬುದೇ ಸಾಮಾನ್ಯವಾಗಿ ಕಾಣದು, ಇಡೀ ಕಂಪ್ಯೂಟರ್ ತನ್ನದೇ ಎಂಬಂತೆ ನಡೆದುಕೊಳ್ಳುತ್ತದೆ.

ಇದು ಹೊಸ ವಿಚಾರವಲ್ಲ ಎಂದೂ ಒಂದು ಮಾತು: ಐಬಿಎಂ ತನ್ನ ಮೇನ್‌ಫ್ರೇಮ್‌ಗಳಿಗೆ ವಿಎಂ/370 ತಂದದ್ದು 1972ರಲ್ಲಿ.

10:15–10:45 ಎಬ್ಬಿಸುವುದು

ವರ್ಚುವಲ್‌ಬಾಕ್ಸ್‌ನಲ್ಲಿ `lab.ova` ಇಂಪೋರ್ಟ್ ಮಾಡಿ ಸ್ಟಾರ್ಟ್. ಮೌಸ್ ಒಳಗೆ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ. ಇದನ್ನು ಬೋರ್ಡ್ ಮೇಲೆ ದಪ್ಪಗೆ ಬರೆದಿಡುವುದು, ಇಲ್ಲವಾದರೆ ಹತ್ತು ಸಲ ಹೇಳಬೇಕಾಗುತ್ತದೆ. ಲಾಗಿನ್ ಆದ ಮೇಲೆ:

```
free -h
systemd-detect-virt
ip a
```

ಮೊದಲನೆಯದು ರ್‍ಯಾಮ್ ಸುಮಾರು 1 ಜಿಬಿ ಎನ್ನುತ್ತದೆ. ಎಂಟು ಇತ್ತಲ್ಲ, ಉಳಿದದ್ದೆಲ್ಲಿ? ಎರಡನೆಯದು `oracle` ಎಂದು ಗುಟ್ಟು ಬಿಟ್ಟುಕೊಡುತ್ತದೆ. ಆಮೇಲೆ ವಿಂಡೋಸ್‌ಗೆ ಬಂದು ಟಾಸ್ಕ್ ಮ್ಯಾನೇಜರ್ ತೆರೆಯಲಿ. ಒಳಗಿನಿಂದ ಇಡೀ ಯಂತ್ರವಾಗಿ ಕಂಡದ್ದು ಹೊರಗಿನಿಂದ ಒಂದು ಪ್ರೊಸೆಸ್. ಡಿಸ್ಕ್ ಎಂದರೆ ಫೋಲ್ಡರಿನಲ್ಲಿರುವ ಒಂದು ಫೈಲ್; ಅದನ್ನೂ ತೋರಿಸುವುದು.

ಮೂರನೆಯದು ನನ್ನ ಮೆಚ್ಚಿನದು. ಎಲ್ಲರೂ ತಮ್ಮ ಐಪಿ ವಿಳಾಸ ಗಟ್ಟಿಯಾಗಿ ಓದಲಿ. 24 ಕಡೆಯಿಂದಲೂ 10.0.2.15! ಪಕ್ಕದವರಿಗೆ ಪಿಂಗ್ ಮಾಡಿ ಅನ್ನುವುದು. ಉತ್ತರ ಬರುತ್ತದೆ, ಖುಷಿಪಡುತ್ತಾರೆ. ಆಗ ಪಕ್ಕದವರ ಗೆಸ್ಟ್ ಆಫ್ ಮಾಡಿಸಿ ಮತ್ತೆ ಪಿಂಗ್. ಈಗಲೂ ಉತ್ತರ! ತಮಗೆ ತಾವೇ ಉತ್ತರ ಕೊಟ್ಟುಕೊಳ್ಳುತ್ತಿದ್ದೇವೆ ಎಂದು ಯಾರಾದರೂ ಹೇಳುವವರೆಗೆ ಕಾಯುವುದು, ನಾನು ಬಾಯಿ ಬಿಡಬಾರದು. ಪ್ರತಿ ಗೆಸ್ಟ್‌ಗೂ ಅದರದೇ ನ್ಯಾಟ್ ಇರುವುದನ್ನು ಆಮೇಲೆ ವಿವರಿಸುವುದು.

10:45–11:25 ಹಾಳುಮಾಡುವುದು

ಆಫ್ ಆಗಿರುವ ಗೆಸ್ಟ್‌ಗಳನ್ನು ಮತ್ತೆ ಎಬ್ಬಿಸಲಿ. ಮೊದಲು `Take Snapshot`, ಹೆಸರು `modalu`. 24 ಪರದೆಯನ್ನೂ ನಡೆದು ನೋಡಿದ ಮೇಲಷ್ಟೇ ಮುಂದಿನ ಸಾಲನ್ನು ಬೋರ್ಡ್ ಮೇಲೆ ಬರೆಯುವುದು:

```
sudo rm -rf /usr/bin
```

ಶೇರ್ಡ್ ಫೋಲ್ಡರ್ ಬೇಡ ಎಂದದ್ದು ಇದಕ್ಕೇ: ಯಾರಾದರೂ ಹುಮ್ಮಸ್ಸಿನಲ್ಲಿ ಇದಕ್ಕಿಂತ ದೊಡ್ಡ ಅಳಿಸುವಿಕೆಗೆ ಕೈಹಾಕಿದರೆ, ಆ ದಾರಿಯಲ್ಲಿ ಹೋಸ್ಟ್‌ನ ಫೈಲುಗಳೂ ಹೋಗುತ್ತವೆ. ಸ್ವಂತ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಇದನ್ನು ಎಂದೂ ಹೊಡೆಯಬಾರದು ಎಂದು ಎರಡು ಸಲ ಹೇಳುವುದು.

ಈಗ `ls` ಇಲ್ಲ, `cat` ಇಲ್ಲ. ಆದರೆ `cd /` ಓಡುತ್ತದೆ, ಅಲ್ಲಿ `echo *` ಹೊಡೆದರೆ ಫೈಲುಗಳ ಪಟ್ಟಿಯೂ ಬರುತ್ತದೆ. ಯಾಕೆ? ಅವು ಶೆಲ್ ಒಳಗೇ ಇರುವ ಆಜ್ಞೆಗಳು. ಇದು ವರ್ಚುವಲೈಸೇಷನ್ ಪಾಠವಲ್ಲ, ಆದರೂ ಐದು ನಿಮಿಷ ಕೊಡುತ್ತೇನೆ. ಇಷ್ಟು ಕುತೂಹಲ ಮತ್ತೆ ಸಿಗುವುದಿಲ್ಲ.

ನಂತರ ಪವರ್ ಆಫ್, `modalu` ರಿಸ್ಟೋರ್, ಸ್ಟಾರ್ಟ್. ಅಳಿಸುವ ಮುಂಚಿನ ಪರದೆಯೇ ಎದುರಿಗೆ ಬರುತ್ತದೆ, ರ್‍ಯಾಮ್‌ನಲ್ಲಿದ್ದದ್ದೂ ಸ್ನ್ಯಾಪ್‌ಶಾಟ್‌ನಲ್ಲಿ ಉಳಿದಿರುವುದರಿಂದ. ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ, ಹೋಸ್ಟ್‌ನ ಡಿಸ್ಕ್ ಸತ್ತರೆ ಎರಡೂ ಸಾಯುತ್ತವೆ ಎಂಬ ಎಚ್ಚರಿಕೆಯೂ ಇಲ್ಲೇ.

11:25–11:45 ಈಗ ಆ ಚಿತ್ರ

ನೇರವಾಗಿ ಯಂತ್ರದ ಮೇಲೆ ಕೂರುವುದು ಒಂದನೇ ವಿಧ (ಇಎಸ್ಎಕ್ಸ್ಐ, ಝೆನ್). ಇನ್ನೊಂದು ಓಎಸ್ ಮೇಲೆ ಕೂರುವುದು ಎರಡನೇ ವಿಧ (ಇವತ್ತಿನ ನಮ್ಮದು). ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಸರ್ವರ್ ಬಹುಪಾಲು ಇಂಥದ್ದೇ ಒಂದು ಗೆಸ್ಟ್. ಕಂಟೈನರ್ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಅದಕ್ಕೆ ಸ್ವಂತ ಕರ್ನಲ್ ಇರುವುದಿಲ್ಲ, ಹೋಸ್ಟ್‌ನದನ್ನೇ ಹಂಚಿಕೊಳ್ಳುತ್ತದೆ. ಉಳಿದದ್ದು ಮುಂದಿನ ಸೆಮಿಸ್ಟರ್‌ಗೆ.

11:45–12:00 ಚೀಟಿ

ಅರ್ಧ ಹಾಳೆ, ಹೆಸರು ಬೇಡ, ಮೂರು ಪ್ರಶ್ನೆ. 8 ಜಿಬಿ ಸಿಸ್ಟಮ್‌ನಲ್ಲಿ 2 ಜಿಬಿಯ ನಾಲ್ಕು ಗೆಸ್ಟ್ ಒಟ್ಟಿಗೆ ಓಡಿಸಿದರೆ ಏನಾಗಬಹುದು? ಪಿಂಗ್‌ಗೆ ಉತ್ತರ ಕೊಟ್ಟವರು ಯಾರು? ಇವತ್ತು ಎಲ್ಲಿ ಗೊಂದಲವಾಯಿತು? ಮೂರನೆಯದರ ಉತ್ತರಗಳನ್ನು ಸೋಮವಾರದ ತರಗತಿಗೆ ಮುಂಚೆ ಓದಿರಬೇಕು. ಹೊರಡುವ ಮುನ್ನ ಎಲ್ಲ ಗೆಸ್ಟ್‌ಗಳನ್ನೂ ಅಳಿಸಿಸುವುದು, ಮಧ್ಯಾಹ್ನ ಎರಡನೇ ವರ್ಷದವರಿಗೆ ಡಿಸ್ಕ್‌ನಲ್ಲಿ ಜಾಗ ಬೇಕು.