ಶಾಲಾ ಮಕ್ಕಳಿಗೆ ಉಚಿತ ಕಣ್ಣು ತಪಾಸಣೆ: ಜೂನ್ 13 ಶನಿವಾರ ಮತ್ತು 14 ಭಾನುವಾರ

ಪೋಷಕರ ಗಮನಕ್ಕೆ,

ಮಾರ್ಕೆಟ್ ರಸ್ತೆಯಲ್ಲಿ ನೀರಿನ ಟ್ಯಾಂಕ್ ಎದುರಿಗಿರುವ ನಮ್ಮ ಕನ್ನಡಕದ ಅಂಗಡಿಯ ಮೇಲಿನ ಹಾಲ್‌ನಲ್ಲಿ ಎಲ್‌ಕೆಜಿಯಿಂದ 10ನೇ ತರಗತಿವರೆಗಿನ ಮಕ್ಕಳಿಗೆ ಎರಡು ದಿನ ಕಣ್ಣು ತಪಾಸಣೆ ಇಟ್ಟುಕೊಂಡಿದ್ದೇವೆ. ಕೆಳಗೆ ಅಂಗಡಿಯಲ್ಲಿ ಮಾಡದೆ ಮೇಲೆ ಹತ್ತಿಸುತ್ತಿರುವುದಕ್ಕೆ ಕಾರಣ ಇಷ್ಟೆ: ಅಕ್ಷರದ ಚಾರ್ಟನ್ನು ನೇರವಾಗಿ 6 ಮೀಟರ್ ದೂರದಲ್ಲಿ ತೂಗುಹಾಕುವಷ್ಟು ಉದ್ದ ಅಲ್ಲಿ ಸಿಗುತ್ತದೆ. ಮೆಟ್ಟಿಲು ಹತ್ತಲಾಗದ ಮಕ್ಕಳಿದ್ದರೆ ಟೋಕನ್ ಪಡೆಯುವಾಗಲೇ ಹೇಳಿ. ಅವರಿಗೆ ಕೆಳಗೇ ಕನ್ನಡಿ ಇಟ್ಟು 3 ಮೀಟರ್‌ನಲ್ಲಿ ನೋಡುತ್ತೇವೆ, ಫಲಿತಾಂಶದಲ್ಲಿ ವ್ಯತ್ಯಾಸ ಬರುವುದಿಲ್ಲ.

ಸಮಯ

ಶನಿವಾರ ಮಧ್ಯಾಹ್ನ 2.30ರಿಂದ ಸಂಜೆ 6.30: 5ರಿಂದ 10ನೇ ತರಗತಿ
ಭಾನುವಾರ ಬೆಳಿಗ್ಗೆ 9.30ರಿಂದ 1.00: ಎಲ್‌ಕೆಜಿಯಿಂದ 4ನೇ ತರಗತಿ
ಭಾನುವಾರ ಬೆಳಿಗ್ಗೆ 10.00ರಿಂದ ಸಂಜೆ 4.00: ಕಣ್ಣಿನ ವೈದ್ಯರು ಇರುತ್ತಾರೆ (ನಾವು ಕಳಿಸಿದ ಮಕ್ಕಳಿಗೆ ಮಾತ್ರ)

ಇಬ್ಬರು ಆಪ್ಟೋಮೆಟ್ರಿಸ್ಟ್‌ಗಳಿರುತ್ತಾರೆ. ಒಂದು ಮಗುವಿಗೆ 15 ನಿಮಿಷ ಬೇಕು. ಹಾಗಾಗಿ ಗಂಟೆಗೆ 8 ಟೋಕನ್ ಮಾತ್ರ ಕೊಡುತ್ತೇವೆ: ಶನಿವಾರ 32, ಭಾನುವಾರ 28. ಚಿಕ್ಕವರನ್ನು ಬೆಳಿಗ್ಗೆ ಇಟ್ಟಿದ್ದು ಬೇಕೆಂದೇ. ಸಂಜೆ ಹೊತ್ತಿಗೆ ದಣಿದ ಮಗು ಮೂರನೇ ಸಾಲಿಗೇ 'ಗೊತ್ತಿಲ್ಲ' ಅನ್ನುತ್ತದೆ. ಅದು ಕಣ್ಣಿನ ತೊಂದರೆಯೋ ನಿದ್ದೆಯೋ ಹೇಳಲು ಆಗುವುದಿಲ್ಲ.

ತರಬೇಕಾದ್ದು

ಮೊದಲನೆಯದು ಹಳೆಯ ಕನ್ನಡಕ. ಮುರಿದಿರಲಿ, ಗೀಚಿರಲಿ, ಚಿಕ್ಕದಾಗಿರಲಿ, ಒಂದೇ ಗಾಜು ಉಳಿದಿರಲಿ, ಎತ್ತಿಕೊಂಡು ಬನ್ನಿ. ಲೆನ್ಸೋಮೀಟರ್‌ನಲ್ಲಿ ಇಟ್ಟರೆ ಅದರ ಪವರ್ ತಿಳಿಯುತ್ತದೆ. ಒಂದು ವರ್ಷದಲ್ಲಿ ಎಷ್ಟು ಏರಿದೆ ಎನ್ನುವುದು ಈಗಿನ ಪವರ್‌ನಷ್ಟೇ ಮುಖ್ಯ. ಹಳೆಯ ಚೀಟಿಗಳಿದ್ದರೆ ಎಲ್ಲವನ್ನೂ ತನ್ನಿ, ಇತ್ತೀಚಿನದೊಂದೇ ಸಾಲದು. ಕನ್ನಡಕ ಇದ್ದೂ ಹಾಕಿಕೊಳ್ಳದ ಮಕ್ಕಳು ಆ ದಿನ ಮುಖಕ್ಕೆ ಹಾಕಿಕೊಂಡೇ ಬರಲಿ: ಕಿವಿಯ ಹಿಂದೆ ಒತ್ತುತ್ತಿದೆಯೇ, ಮೂಗಿನಿಂದ ಜಾರುತ್ತಿದೆಯೇ ನೋಡಬೇಕು. ಹಾಕಿಕೊಳ್ಳದಿರುವುದಕ್ಕೆ ಎಷ್ಟೋ ಸಲ ಹಟ ಕಾರಣವಲ್ಲ, ಫ್ರೇಮ್ ಕಾರಣ.

ಎರಡನೆಯದು, ಈಗ ಕಣ್ಣಿಗೆ ಹಾಕುತ್ತಿರುವ ಹನಿಯ ಬಾಟಲಿ ಮತ್ತು ಬೇರೆ ಯಾವುದಕ್ಕಾದರೂ ನುಂಗುತ್ತಿರುವ ಮಾತ್ರೆಯ ಪಟ್ಟಿ. ಹೆಸರು ನೆನಪಿಟ್ಟು ಹೇಳುವ ಬದಲು ಬಾಟಲಿಯನ್ನೇ ತೋರಿಸಿ. ಅಂಗಡಿಯಿಂದ ಚೀಟಿಯಿಲ್ಲದೆ ತಂದ ಹನಿ ಇದ್ದರೆ ಅದನ್ನು ಮುಖ್ಯವಾಗಿ ತನ್ನಿ. ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಬಹುದು.

ಮೂರನೆಯದು, ತಂದೆ ತಾಯಿ ಅಥವಾ ಮನೆಯ ಹಿರಿಯರಲ್ಲಿ ಒಬ್ಬರು ಜೊತೆಗಿರಬೇಕು. ನೆರೆಮನೆಯ ಅಕ್ಕನ ಜೊತೆ ಕಳಿಸಿದರೆ ಚಾರ್ಟ್ ತೋರಿಸಬಹುದು, ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ನಾವು ಕೇಳುವುದು ಇವು: ಮಗು ದಿನ ತುಂಬುವ ಮೊದಲೇ ಹುಟ್ಟಿತ್ತೇ, ಆಮ್ಲಜನಕ ಕೊಟ್ಟಿದ್ದರೇ? ಮನೆಯಲ್ಲಿ ಯಾರಿಗೆ ಚಿಕ್ಕಂದಿನಲ್ಲೇ ದಪ್ಪ ಕನ್ನಡಕ, ಮೆಳ್ಳಗಣ್ಣು ಅಥವಾ ಇರುಳುಗುರುಡು ಇತ್ತು? ಟಿವಿ ನೋಡುವಾಗ ತಲೆ ಒಂದೇ ಕಡೆಗೆ ವಾಲಿಸುತ್ತದೆಯೇ? ಬಿಸಿಲಿಗೆ ಬಂದಾಗ ಒಂದೇ ಕಣ್ಣು ಮುಚ್ಚುತ್ತದೆಯೇ? ಬೋರ್ಡಿನ ಮೇಲಿದ್ದದ್ದನ್ನು ಪಕ್ಕದವರ ಪುಸ್ತಕ ನೋಡಿ ಬರೆಯುತ್ತದೆಯೇ? ಔಷಧಿಗೆ ಅಲರ್ಜಿ, ಫಿಟ್ಸ್, ಹೃದಯದ ತೊಂದರೆ ಇದ್ದರೆ ಹೇಳದೆ ಬಿಡಬೇಡಿ. ಕಣ್ಣಿಗೆ ಹನಿ ಹಾಕುವ ಮುನ್ನ ವೈದ್ಯರಿಗೆ ಅದು ತಿಳಿದಿರಬೇಕು.

ಉಳಿದದ್ದು: ಶಾಲೆಯ ಗುರುತಿನ ಚೀಟಿ, ನೀರು, ಒಂದಿಷ್ಟು ತಿಂಡಿ. ಭಾನುವಾರ ಬರುವವರು ಅಂಚಿರುವ ಟೋಪಿ ಅಥವಾ ಛತ್ರಿ ತನ್ನಿ, ಹನಿ ಹಾಕಿದ ಮೇಲೆ ಬಿಸಿಲು ಚುಚ್ಚುತ್ತದೆ.

ಬರುವ ಮುನ್ನ

ಬೆಳಿಗ್ಗೆ ಕಾಡಿಗೆ ಹಚ್ಚಬೇಡಿ. ಮುಂಗೂದಲು ಕಣ್ಣಿನ ಮೇಲೆ ಬೀಳದಂತೆ ಕಟ್ಟಿ ಕಳಿಸಿ. ಸರದಿಗೆ ಕಾಯುವಾಗ ಮಗುವಿನ ಕೈಗೆ ಮೊಬೈಲ್ ಕೊಡಬೇಡಿ. ಇದು ಶಿಸ್ತಿನ ಮಾತಲ್ಲ. ಅರ್ಧ ಗಂಟೆ ಹತ್ತಿರದ್ದನ್ನು ದಿಟ್ಟಿಸಿದ ಕಣ್ಣಿನ ಸ್ನಾಯು ಕೂಡಲೇ ಸಡಿಲವಾಗುವುದಿಲ್ಲ, ಆಗ ಇಲ್ಲದ ಮೈನಸ್ ಪವರ್ ತೋರಬಹುದು. ಕಾಯುವ ಜಾಗದಲ್ಲಿ ಬಿಡಿಸಲು ಕಾಗದವನ್ನೂ ಇಟ್ಟಿಲ್ಲ, ಕಾರಣ ಅದೇ. ಕಿಟಕಿಯಾಚೆ ನೋಡುತ್ತ ಕೂರಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಹೈಸ್ಕೂಲ್ ಮಕ್ಕಳು ಹಿಂದಿನ ದಿನವೇ ತೆಗೆದು ಕನ್ನಡಕದಲ್ಲಿ ಬರಲಿ.

ಚಾರ್ಟನ್ನು ಮನೆಯಲ್ಲಿ ಕಲಿಸಬೇಡಿ. ಅಣ್ಣ ಓದಿದ ಸಾಲನ್ನು ತಂಗಿ ಬಾಯಿಪಾಠದಲ್ಲಿ ಹೇಳಿಬಿಡುವುದು ಸಾಮಾನ್ಯ. ಅದಕ್ಕೇ ಒಂದೇ ಮನೆಯ ಮಕ್ಕಳಿಗೆ ಬೇರೆ ಬೇರೆ ಚಾರ್ಟ್ ಹಾಕುತ್ತೇವೆ, ಒಬ್ಬರನ್ನು ನೋಡುವಾಗ ಇನ್ನೊಬ್ಬರು ಹೊರಗಿರಬೇಕು. ಅಕ್ಷರ ಬಾರದ ಮಕ್ಕಳಿಗೆ ಚಿತ್ರದ ಚಾರ್ಟ್ ಇದೆ, ಕೈಯಲ್ಲಿರುವ ಕಾರ್ಡಿನಲ್ಲಿ ಅದೇ ಚಿತ್ರ ತೋರಿಸಿದರೆ ಸಾಕು. ಮಾತಾಡಲು ನಾಚುವ ಮಗುವೂ ಅದನ್ನು ಮಾಡುತ್ತದೆ.

ಏನೇನು ನೋಡುತ್ತೇವೆ

ಒಂದೊಂದೇ ಕಣ್ಣು. ಎರಡೂ ತೆರೆದಾಗ ಚೆನ್ನಾಗಿ ಓದುವ ಮಗುವಿನ ಒಂದು ಕಣ್ಣು ಬಹಳ ಮಬ್ಬಾಗಿದ್ದರೂ ಮಗುವಿಗೇ ಗೊತ್ತಿರುವುದಿಲ್ಲ. ಕೈಯಿಂದ ಮುಚ್ಚಿಸಿದರೆ ಬೆರಳ ಸಂದಿಯಿಂದ ಇಣುಕುತ್ತಾರೆ, ಇಲ್ಲವೆ ಒತ್ತಿ ಹಿಡಿದು ಆ ಕಣ್ಣನ್ನೂ ಮಬ್ಬು ಮಾಡಿಕೊಳ್ಳುತ್ತಾರೆ. ಆದ್ದರಿಂದ ಚಿಕ್ಕವರಿಗೆ ಅಂಟುಪಟ್ಟಿ ಹಚ್ಚುತ್ತೇವೆ, ಬಿಚ್ಚುವಾಗ ನೋವಾಗುವಂಥದ್ದಲ್ಲ. ದೊಡ್ಡ ಮಕ್ಕಳಲ್ಲಿ ಯಾವುದೇ ಕಣ್ಣು 6/9 ಸಾಲನ್ನು ಓದದಿದ್ದರೆ, ಅಥವಾ ಎರಡು ಕಣ್ಣುಗಳ ನಡುವೆ ಎರಡು ಸಾಲಿನ ಅಂತರ ಬಂದರೆ ಮುಂದಿನ ಪರೀಕ್ಷೆಗೆ ಕೂರಿಸುತ್ತೇವೆ. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಅಳತೆ ಇಷ್ಟು ಬಿಗಿಯಾಗಿರುವುದಿಲ್ಲ. ಆಮೇಲೆ ಸಣ್ಣ ತೂತಿನ ಮೂಲಕ ಓದಿಸುತ್ತೇವೆ. ಆಗ ಓದು ಸುಧಾರಿಸಿದರೆ ತೊಂದರೆ ಹೆಚ್ಚಾಗಿ ಕನ್ನಡಕದಿಂದ ಸರಿಯಾಗುವಂಥದ್ದು. ಸುಧಾರಿಸದಿದ್ದರೆ ವೈದ್ಯರು ನೋಡಬೇಕು.

ಪ್ಲಸ್ ಪವರ್ ಇರುವ ಮಕ್ಕಳು ದೂರದ ಚಾರ್ಟನ್ನು 6/6ರವರೆಗೂ ಓದಿಬಿಡಬಹುದು. ಅವರಿಗೆ ತೊಂದರೆ ಬರುವುದು ಹತ್ತಿರದ ಓದಿನಲ್ಲಿ: ತಲೆನೋವು, ಕಣ್ಣುಜ್ಜುವುದು, ಪುಸ್ತಕ ಕಂಡರೆ ಓಡುವುದು. ಹೀಗಾಗಿ ಎಲ್ಲ ಮಕ್ಕಳಿಗೂ ಪ್ಲಸ್ ಗಾಜಿಟ್ಟು ಮತ್ತೊಮ್ಮೆ ಓದಿಸುತ್ತೇವೆ. ಆ ಗಾಜಿನಲ್ಲೂ ದೂರದ್ದು ಸ್ಪಷ್ಟವಾಗಿ ಕಂಡರೆ ಪ್ಲಸ್ ಪವರ್ ಅಡಗಿದೆ ಎಂದರ್ಥ. ಟಾರ್ಚ್ ಬೆಳಕು ಎರಡೂ ಕಣ್ಣಿನಲ್ಲಿ ಒಂದೇ ಜಾಗಕ್ಕೆ ಬೀಳುತ್ತದೆಯೇ, ಒಂದು ಕಣ್ಣು ಮುಚ್ಚಿದಾಗ ಇನ್ನೊಂದು ಸರಿಯುತ್ತದೆಯೇ ಎಂದು ಮೆಳ್ಳಗಣ್ಣಿಗಾಗಿ ನೋಡುತ್ತೇವೆ. 5ನೇ ತರಗತಿಯಿಂದ ಮೇಲಿನವರಿಗೆ ಬಣ್ಣದ ಚುಕ್ಕಿಗಳ ಪುಸ್ತಕವನ್ನೂ ತೋರಿಸುತ್ತೇವೆ. ಬಣ್ಣದ ದೋಷ ಹುಡುಗರಲ್ಲೇ ಹೆಚ್ಚು. ಕನ್ನಡಕದಿಂದ ಅದು ವಾಸಿಯಾಗುವುದಿಲ್ಲ, ಆದರೆ ಮುಂದೆ ಕೆಲವು ಕೆಲಸಗಳಿಗೆ ಅಡ್ಡಬರುವುದರಿಂದ ಮೊದಲೇ ತಿಳಿದಿರುವುದು ಒಳ್ಳೆಯದು.

ಕಂಪ್ಯೂಟರ್ ಚೀಟಿಯ ಬಗ್ಗೆ ಒಂದು ಮಾತು. ಆಟೋರಿಫ್ರಾಕ್ಟರ್ ಯಂತ್ರದ ಸಂಖ್ಯೆ ನೋಡಿ ಅಲ್ಲೇ ಕನ್ನಡಕ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ನಾವು ಮಾಡಿಕೊಡುವುದಿಲ್ಲ. ಮಕ್ಕಳ ಕಣ್ಣಿನೊಳಗಿನ ಮಸೂರ ಬಹಳ ಚುರುಕು. ಯಂತ್ರದೊಳಗಿನ ಚಿತ್ರ ದೂರದ್ದೇ ಆದರೂ ಮಗು ಅದನ್ನು ಹತ್ತಿರದ್ದೆಂದು ಬಗೆದು ಕಣ್ಣು ಬಿಗಿಹಿಡಿಯುತ್ತದೆ, ಮೈನಸ್ ಹೆಚ್ಚಾಗಿ ಬರುತ್ತದೆ, ಪ್ಲಸ್ ಕಡಿಮೆಯಾಗಿ ಬರುತ್ತದೆ. ಆ ಸಂಖ್ಯೆಯನ್ನೇ ಗಾಜಿಗಿಳಿಸಿದರೆ ಮಗು ದಿನವಿಡೀ ಬೇಡದ ಶ್ರಮಪಡುತ್ತದೆ. ನಮಗೆ ಯಂತ್ರ ಒಂದು ಆರಂಭ ಮಾತ್ರ. ಬೆಳಕು ಹಾಯಿಸಿ ರೆಟಿನೋಸ್ಕೋಪಿ ಮಾಡಿ, ಗಾಜು ಹಾಕಿ ಓದಿಸಿದ ಮೇಲೆ ಪವರ್ ಬರೆಯುತ್ತೇವೆ.

ಹನಿ ಹಾಕುವುದು

ಹೊಸದಾಗಿ ಪವರ್ ಕಂಡ ಚಿಕ್ಕ ಮಕ್ಕಳು, ಮೆಳ್ಳಗಣ್ಣು, ಪ್ಲಸ್ ಪವರ್, ಅಥವಾ ಓದಿದಾಗಲೊಮ್ಮೆ ಬೇರೆ ಉತ್ತರ ಬರುವವರನ್ನು ವೈದ್ಯರ ಬಳಿ ಕಳಿಸುತ್ತೇವೆ. ಶನಿವಾರ ನೋಡಿದ ಮಕ್ಕಳು ಭಾನುವಾರ 10ಕ್ಕೆ ಬರಬೇಕಾಗುತ್ತದೆ. ನಿಮ್ಮ ಸಹಿ ಇಲ್ಲದೆ ಹನಿ ಹಾಕುವುದಿಲ್ಲ. ಕಣ್ಣಿನ ಸ್ನಾಯುವನ್ನು ಸಡಿಲಿಸುವ ಸೈಕ್ಲೋಪೆಂಟೊಲೇಟ್ ಹನಿ ಅರ್ಧ ನಿಮಿಷ ಉರಿಯುತ್ತದೆ. ಉರಿಯುವುದಿಲ್ಲ ಎಂದು ಮಗುವಿಗೆ ಸುಳ್ಳು ಹೇಳಬೇಡಿ, ಎರಡನೇ ಹನಿಗೆ ಕಣ್ಣೇ ತೆರೆಯುವುದಿಲ್ಲ. ಹನಿ ಹಾಕಿದ ಮೇಲೆ ಸುಮಾರು 45 ನಿಮಿಷ ಕಾಯಬೇಕು, ಒಟ್ಟು ಒಂದೂವರೆ ಗಂಟೆ ಇಟ್ಟುಕೊಂಡು ಬನ್ನಿ. 2.30ರ ನಂತರ ಯಾರಿಗೂ ಹನಿ ಇಲ್ಲ. ಪಾಪೆ ಅಗಲವಾಗಿ ಹತ್ತಿರದ್ದು ಮಬ್ಬಾಗುವುದು ಸಾಮಾನ್ಯವಾಗಿ ಒಂದು ದಿನದೊಳಗೆ ಕಡಿಮೆಯಾಗುತ್ತದೆ. ಸೋಮವಾರ ಬೆಳಿಗ್ಗೆ ಓದು ಕಷ್ಟವಾದರೆ ಶಿಕ್ಷಕರಿಗೆ ತೋರಿಸಲು ಚೀಟಿ ಕೊಡುತ್ತೇವೆ. ಮುಖ ಕೆಂಪಾಗಿ, ಸ್ವಲ್ಪ ಮಂಪರು ಬಂದರೆ ಅಲ್ಲೇ ವೈದ್ಯರಿಗೆ ತಿಳಿಸಿ. ಕೆಲವರಿಗೆ ಹನಿಯ ಬದಲು ಅಟ್ರೋಪಿನ್ ಮುಲಾಮನ್ನು ಮನೆಯಲ್ಲಿ ಹಚ್ಚಿ ಮತ್ತೆ ಬರಲು ಹೇಳಬಹುದು, ಅದು ಶಿಬಿರದಲ್ಲಿ ಮುಗಿಯುವುದಿಲ್ಲ.

ಒಂದು ಕಣ್ಣು ಮಾತ್ರ ಮಂಕಾಗಿರುವ ಸೋಮಾರಿ ಕಣ್ಣಿನ ವಿಷಯದಲ್ಲಿ ತಡಮಾಡಬೇಡಿ. ಸರಿಯಾದ ಕನ್ನಡಕ ಮತ್ತು ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ, ಇದು ಏಳೆಂಟು ವರ್ಷದೊಳಗೆ ಶುರುವಾದರೆ ಚೆನ್ನಾಗಿ ಫಲ ಕೊಡುತ್ತದೆ. ದೊಡ್ಡವರಾದ ಮೇಲೆ ಗೆಲ್ಲುವುದು ಕಷ್ಟ. ಕನ್ನಡಕ ಹಾಕಿದರೆ ಪವರ್ ಏರುತ್ತದೆ ಎಂದು ಮುಂದೂಡುವವರಿಗೆ: ಪವರ್ ಏರುವುದು ಕಣ್ಣುಗುಡ್ಡೆ ಉದ್ದ ಬೆಳೆಯುವುದರಿಂದ, ಕನ್ನಡಕದಿಂದಲ್ಲ.

ಚೀಟಿ ಮತ್ತು ಕನ್ನಡಕ

ತಪಾಸಣೆ, ಹನಿ, ವೈದ್ಯರ ಸಲಹೆ ಎಲ್ಲ ಉಚಿತ. ಪವರ್ ಚೀಟಿಯನ್ನು ಎರಡು ಪಾಪೆಗಳ ನಡುವಿನ ಅಂತರದ ಸಮೇತ ಬರೆದು ನಿಮ್ಮ ಕೈಗೇ ಕೊಡುತ್ತೇವೆ. ಕನ್ನಡಕವನ್ನು ಎಲ್ಲಿ ಬೇಕಾದರೂ ಮಾಡಿಸಿ, ನಮ್ಮಲ್ಲೇ ಕೊಳ್ಳಬೇಕೆಂದಿಲ್ಲ. ಎಲ್ಲೇ ಮಾಡಿಸಿದರೂ ಮಕ್ಕಳಿಗೆ ಗಾಜಿನ ಲೆನ್ಸ್ ಬೇಡ, ಒಡೆಯದ ಪಾಲಿಕಾರ್ಬೊನೇಟ್ ಕೇಳಿ. 'ಬೆಳೆಯುತ್ತಾನೆ, ದೊಡ್ಡದಿರಲಿ' ಎಂದು ದೊಡ್ಡ ಫ್ರೇಮ್ ಆರಿಸಿದರೆ ಲೆನ್ಸಿನ ಮಧ್ಯಭಾಗ ಪಾಪೆಯ ಎದುರಿಗೆ ನಿಲ್ಲುವುದಿಲ್ಲ, ಜಾರಿದ ಕನ್ನಡಕದ ಮೇಲಿನಿಂದ ಮಗು ನೋಡುತ್ತದೆ. ಹೊಸ ಕನ್ನಡಕವನ್ನು ನಮ್ಮಲ್ಲಿಗೆ ತಂದರೆ ಪವರ್ ಸರಿಯಿದೆಯೇ ಎಂದು ಅಳೆದು ಹೇಳುತ್ತೇವೆ, ಅದಕ್ಕೂ ದುಡ್ಡಿಲ್ಲ.

ಶಿಬಿರಕ್ಕೆ ಕಾಯಬಾರದವರು

ಪಾಪೆಯಲ್ಲಿ ಅಥವಾ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಬಿಳಿ ಹೊಳಪು ಕಂಡರೆ, ಹಠಾತ್ತನೆ ಮೆಳ್ಳಗಣ್ಣಾದರೆ, ಒಂದು ಎರಡಾಗಿ ಕಾಣುತ್ತಿದ್ದರೆ, ಕಣ್ಣಿಗೆ ಏಟಾಗಿದ್ದರೆ ಇಂದೇ ಕಣ್ಣಿನ ಆಸ್ಪತ್ರೆಗೆ ಹೋಗಿ. ಸುಣ್ಣ ಅಥವಾ ಆಸಿಡ್ ಬಿದ್ದರೆ ನಲ್ಲಿ ನೀರಿನಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೆರೆಸಿ ತೊಳೆದು ಆಮೇಲೆ ಆಸ್ಪತ್ರೆಗೆ ಹೊರಡಿ, ಮೊದಲು ಹೊರಡಬೇಡಿ. ಮದ್ರಾಸ್ ಐ ಬಂದಿರುವ ಮಕ್ಕಳನ್ನು ಶಿಬಿರಕ್ಕೆ ಕರೆತರಬೇಡಿ. ಅಂಥವರ ಟೋಕನ್ ಇಟ್ಟುಕೊಂಡು ವಾಸಿಯಾದ ಮೇಲೆ ಅಂಗಡಿಯಲ್ಲೇ ನೋಡಿಕೊಡುತ್ತೇವೆ.

ಟೋಕನ್

ಜೂನ್ 8 ಸೋಮವಾರದಿಂದ 12 ಶುಕ್ರವಾರದವರೆಗೆ, ಬೆಳಿಗ್ಗೆ 10ರಿಂದ ರಾತ್ರಿ 8ರೊಳಗೆ ಅಂಗಡಿಯ ಕೌಂಟರಿನಲ್ಲಿ ಮಗುವಿನ ಹೆಸರು, ವಯಸ್ಸು, ತರಗತಿ ಬರೆಸಿ ಟೋಕನ್ ಪಡೆಯಿರಿ. ಸಮಯ ಟೋಕನ್ ಮೇಲೆಯೇ ಇರುತ್ತದೆ, 10 ನಿಮಿಷ ಮೊದಲು ಬಂದರೆ ಸಾಕು. ಕರೆಂಟ್ ಹೋದರೂ ಚಾರ್ಟಿನ ದೀಪಕ್ಕೆ ಯುಪಿಎಸ್ ಇದೆ, ಕೆಲಸ ನಿಲ್ಲುವುದಿಲ್ಲ. ಬರಲಾಗದಿದ್ದರೆ ಶುಕ್ರವಾರ ಸಂಜೆಯೊಳಗೆ ಹೇಳಿಕಳಿಸಿ, ಆ ಟೋಕನ್ನನ್ನು ಕಾಯುತ್ತಿರುವ ಇನ್ನೊಂದು ಮಗುವಿಗೆ ಕೊಡುತ್ತೇವೆ.